ಸೈನ್‌ನ ನಿಷ್ಪನ್ನ ಕೋಸೈನ್: ಆಧಾರ ಎಲ್ಲಿದೆ?

ಪಿಯುಸಿಯಲ್ಲಿ ಗಣಿತ ಓದಿದ ಯಾರನ್ನಾದರೂ, h ಸೊನ್ನೆಯ ಹತ್ತಿರಕ್ಕೆ ಹೋಗುತ್ತಿದ್ದಾಗ sin h / h ಯಾವ ಬೆಲೆಯ ಹತ್ತಿರಕ್ಕೆ ಹೋಗುತ್ತದೆ ಎಂದು ಕೇಳಿ ನೋಡಿ. ತಡವಿಲ್ಲದೆ ‘ಒಂದು’ ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ, ಸಿಇಟಿಗೆ ತಯಾರಾದವರಲ್ಲಿ ಬಹಳ ಮಂದಿ ಲೋಪಿತಾಲ್ ನಿಯಮವನ್ನು ತೆಗೆಯುತ್ತಾರೆ. ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆಯಾಗಿ ಡಿಫರೆನ್ಶಿಯೇಟ್ ಮಾಡಿದರೆ cos h / 1 ಸಿಗುತ್ತದೆ, ಅಲ್ಲಿ h = 0 ಎಂದರೆ ಒಂದು. ಎರಡೇ ಸಾಲಿನ ಕೆಲಸ, ಉತ್ತರವೂ ಸರಿ.

ಆದರೆ ಇದು ಕಾರಣವಲ್ಲ. ಆ ಎರಡು ಸಾಲಿನೊಳಗೆ ಸೈನ್‌ನ ನಿಷ್ಪನ್ನ, ಅಂದರೆ ಡೆರಿವೇಟಿವ್, ಕೋಸೈನ್ ಎಂಬ ಮಾತನ್ನು ಆಗಲೇ ಬಳಸಿಕೊಂಡಾಗಿದೆ. ಆ ಮಾತನ್ನು ಸಾಧಿಸಲು ಹೊರಟರೆ ದಾರಿಯಲ್ಲಿ ಎದುರಾಗುವುದು ಇದೇ sin h / h. ಎರಡು ಗೋಡೆಗಳು ಒಂದನ್ನೊಂದು ಒರಗಿ ನಿಂತಿವೆ, ಕೆಳಗೆ ಅಡಿಪಾಯವಿಲ್ಲ. ಸೈನ್‌ನ ಕಲನಶಾಸ್ತ್ರವೆಲ್ಲ ನಿಂತಿರುವುದು ಒಂದೇ ಒಂದು ಜ್ಯಾಮಿತೀಯ ಸಂಗತಿಯ ಮೇಲೆ, ಅದು ವೃತ್ತದಿಂದಲೇ ಬರಬೇಕು, ಮಿಕ್ಕದ್ದೆಲ್ಲ ಬೀಜಗಣಿತ ಎಂಬುದು ನನ್ನ ವಾದ. ಯಾವುದು ಜ್ಯಾಮಿತಿ, ಯಾವುದು ಬೀಜಗಣಿತ ಎಂದು ಬಿಡಿಸಿ ನೋಡಿದರೆ ರೇಡಿಯನ್ ಯಾಕೆ ಬೇಕು ಎಂಬ ಪ್ರಶ್ನೆಯೂ ಜೊತೆಯಲ್ಲೇ ತೀರುತ್ತದೆ.

ಮೊದಲು ಬೀಜಗಣಿತವನ್ನು ಮುಗಿಸೋಣ. x ಎಂಬ ಕೋನ h ನಷ್ಟು ಹೆಚ್ಚಿದಾಗ ಸೈನ್ ಎಷ್ಟು ಬದಲಾಯಿತು ಎಂದು ನೋಡಿ, ಅದನ್ನು h ನಿಂದ ಭಾಗಿಸಬೇಕು. ಕೋನಗಳ ಸಂಕಲನ ಸೂತ್ರದಿಂದ

sin(x + h) = sin x · cos h + cos x · sin h

ಇದರಿಂದ sin x ಕಳೆದು h ನಿಂದ ಭಾಗಿಸಿದರೆ

[sin(x + h) − sin x] / h = cos x · (sin h / h) − sin x · (1 − cos h) / h

ಇಲ್ಲಿ ಗಮನಿಸಬೇಕಾದದ್ದು ಒಂದೇ. x ಮತ್ತು h ಬೇರೆ ಬೇರೆ ಪದಗಳಾಗಿ ಕಳಚಿಕೊಂಡಿವೆ. x ಏನೇ ಇರಲಿ, h ಗೆ ಸಂಬಂಧಿಸಿದ ಪ್ರಶ್ನೆಗಳು ಎರಡೇ: sin h / h ಏನಾಗುತ್ತದೆ, (1 − cos h) / h ಏನಾಗುತ್ತದೆ? ಎರಡೂ ಸೊನ್ನೆಯ ಹತ್ತಿರದ ಪ್ರಶ್ನೆಗಳು. ಮೂವತ್ತು ಡಿಗ್ರಿಯಲ್ಲಾಗಲಿ ಎಂಬತ್ತು ಡಿಗ್ರಿಯಲ್ಲಾಗಲಿ ಸೈನ್ ಯಾವ ವೇಗದಲ್ಲಿ ಏರುತ್ತದೆ ಎಂದು ತಿಳಿಯಲು ಅಲ್ಲಿಗೇ ಹೋಗಿ ಅಳೆಯಬೇಕಾಗಿಲ್ಲ. ವೃತ್ತವನ್ನು ಎಷ್ಟು ತಿರುಗಿಸಿದರೂ ಅದು ಅದೇ ವೃತ್ತ. ಸಂಕಲನ ಸೂತ್ರ ಹೇಳುವುದೂ ಇದನ್ನೇ, ಹಾಗಾಗಿ ಸೊನ್ನೆಯ ಬಳಿ ಒಮ್ಮೆ ಅಳೆದರೆ ಸಾಕು.

ಎರಡು ಪ್ರಶ್ನೆಗಳಲ್ಲಿ ಎರಡನೆಯದು ಮೊದಲನೆಯದರ ನೆರಳು. ಮೇಲೂ ಕೆಳಗೂ 1 + cos h ನಿಂದ ಗುಣಿಸಿದರೆ ಮೇಲೆ 1 − cos² h, ಅಂದರೆ sin² h, ಉಳಿಯುತ್ತದೆ:

(1 − cos h) / h = (sin h / h) · sin h / (1 + cos h)

sin h / h ಒಂದರ ಹತ್ತಿರಕ್ಕೆ ಹೋಗುವುದಾದರೆ, ಪಕ್ಕದ ಪದ ಸೊನ್ನೆಯನ್ನು ಎರಡರಿಂದ ಭಾಗಿಸಿದಂತೆ ಸೊನ್ನೆಗೆ ಇಳಿಯುತ್ತದೆ. ಹಾಗಾದರೆ ಉಳಿಯುವುದು cos x ಮಾತ್ರ. ಬೀಜಗಣಿತದ ಕೆಲಸ ಇಲ್ಲಿಗೆ ಮುಗಿಯಿತು. ಬಾಕಿ ಇರುವುದು ಆ ಒಂದು ‘ಹೋಗುವುದಾದರೆ’.

ಈಗ ವೃತ್ತ. ತ್ರಿಜ್ಯ ಒಂದು ಮಾನವಿರುವ ವೃತ್ತದ ಕೇಂದ್ರ O. ಅಡ್ಡರೇಖೆಯ ಮೇಲೆ, ಬಲತುದಿಯಲ್ಲಿ, ವೃತ್ತದ ಬಿಂದು A. ಅಲ್ಲಿಂದ h ಕೋನದಷ್ಟು ಮೇಲಕ್ಕೆ ತಿರುಗಿದರೆ ಸಿಗುವ ಬಿಂದು P. h ಸಣ್ಣದು, ಲಂಬಕೋನಕ್ಕಿಂತ ಕಡಿಮೆ. P ಯಿಂದ OA ಗೆ ಇಳಿಬಿಟ್ಟ ಲಂಬದ ಉದ್ದ sin h. A ಯಲ್ಲಿ ವೃತ್ತಕ್ಕೆ ಸ್ಪರ್ಶಕ ಎಳೆದು, OP ಯನ್ನು ಹೊರಕ್ಕೆ ಬೆಳೆಸಿದರೆ ಅವು ಸೇರುವ ಬಿಂದು T. AT ಯ ಉದ್ದ tan h.

ಈ ಚಿತ್ರದಲ್ಲಿ ಮೂರು ಆಕೃತಿಗಳು ಒಂದರೊಳಗೊಂದು ಕೂತಿವೆ. ಎಲ್ಲಕ್ಕೂ ಒಳಗಿರುವುದು OAP ತ್ರಿಭುಜ: ಪಾದ 1, ಎತ್ತರ sin h, ವಿಸ್ತೀರ್ಣ sin h / 2. ಅದನ್ನು ಒಳಗೊಂಡಿರುವುದು OAP ಎಂಬ ತ್ರಿಜ್ಯಾಂತರ ಖಂಡ, ವಿಸ್ತೀರ್ಣ h / 2. ಎರಡನ್ನೂ ಒಳಗೊಂಡಿರುವುದು OAT ಎಂಬ ಲಂಬಕೋನ ತ್ರಿಭುಜ, ವಿಸ್ತೀರ್ಣ tan h / 2. ಒಳಗಿನದು ಹೊರಗಿನದಕ್ಕಿಂತ ಚಿಕ್ಕದು, ಆದ್ದರಿಂದ

sin h < h < tan h

sin h ನಿಂದ ಭಾಗಿಸಿ ತಲೆಕೆಳಗು ಮಾಡಿದರೆ cos h < sin h / h < 1. ಇನ್ನು cos h ಒಂದರ ಹತ್ತಿರಕ್ಕೆ ಹೋಗುತ್ತದೆ ಎಂದು ತೋರಿಸಬೇಕು. ಅದಕ್ಕೂ ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. sin h ಎಂಬುದು h ಗಿಂತ ಚಿಕ್ಕದು ಎಂದು ಈಗಷ್ಟೇ ಕಂಡೆವು, h ಸೊನ್ನೆಗೆ ಹೋದರೆ ಅದೂ ಸೊನ್ನೆಗೆ ಹೋಗಲೇಬೇಕು. cos² h = 1 − sin² h ಆದ್ದರಿಂದ ಕೋಸೈನ್ ಒಂದಕ್ಕೆ ಬರುತ್ತದೆ. ಎರಡು ಬದಿಯೂ ಒಂದಕ್ಕೆ ಬಂದರೆ ನಡುವೆ ಸಿಕ್ಕಿಕೊಂಡ sin h / h ಗೆ ಬೇರೆ ಹಾದಿ ಇಲ್ಲ. h ಋಣವಾದಾಗ ಮೇಲೂ ಕೆಳಗೂ ಚಿಹ್ನೆ ಬದಲಾಗುವುದರಿಂದ ಅನುಪಾತ ಅದೇ ಉಳಿಯುತ್ತದೆ. h = 0.1 ಎಂದಿಟ್ಟು ನೋಡಿದರೆ ಎಡಬದಿ 0.9950, ನಡುವಿನದು 0.9983, ಬಲಬದಿ 1.

ಪ್ರಥಮ ಪಿಯುಸಿ ಪಠ್ಯಪುಸ್ತಕದಲ್ಲಿರುವುದೂ ಈ ವಿಸ್ತೀರ್ಣದ ವಾದವೇ. ಪುಸ್ತಕ ಅದನ್ನು ಬೇಗನೆ ದಾಟಿ ಹೋಗುತ್ತದೆ. ಆದರೆ ಚುರುಕಾದ ವಿದ್ಯಾರ್ಥಿ ಇಲ್ಲಿ ಎರಡು ಆಕ್ಷೇಪಗಳನ್ನು ಎತ್ತಬಹುದು, ಎತ್ತಬೇಕು.

ಮೊದಲ ಆಕ್ಷೇಪ: h ಎಂಬುದು ಕಂಸದ ಉದ್ದ. ಹಾಗಿದ್ದಮೇಲೆ ಉದ್ದಗಳನ್ನೇ ಹೋಲಿಸಬಹುದಲ್ಲ, ವಿಸ್ತೀರ್ಣ ಯಾಕೆ ಬಂತು? ಒಂದು ಕಡೆ ಹೋಲಿಕೆ ಸುಲಭ. ಲಂಬ PA ಯ ನೇರ ಗೆರೆಗಿಂತ ಚಿಕ್ಕದು, ನೇರ ಗೆರೆ ಕಂಸಕ್ಕಿಂತ ಚಿಕ್ಕದು, ಆದ್ದರಿಂದ sin h < h. ಇನ್ನೊಂದು ಕಡೆ ಹಾಗಲ್ಲ. ಬಾಗಿದ ಕಂಸ AP ಯು ನೆಟ್ಟಗಿನ AT ಗಿಂತ ಚಿಕ್ಕದು ಎಂದು ಕಣ್ಣಿಗೆ ತೋರುತ್ತದೆ ನಿಜ, ಆದರೆ ಕಣ್ಣಿಗೆ ತೋರುವುದು ಸಾಧನೆಯಲ್ಲ. ಒಳಗಿರುವ ಗೆರೆ ಹೊರಗಿನದಕ್ಕಿಂತ ಉದ್ದವಾಗಿರಲು ಯಾವ ಅಡ್ಡಿಯೂ ಇಲ್ಲ. ಸಣ್ಣ ಪೆಟ್ಟಿಗೆಯೊಳಗೆ ಎಷ್ಟೋ ಮಾರು ದಾರವನ್ನು ಸುತ್ತಿಡುವುದಿಲ್ಲವೆ? ಅಂಥದ್ದು ಇಲ್ಲಿ ಆಗದು ಎನ್ನಬೇಕಾದರೆ ಕಂಸ ಒಂದೇ ಕಡೆಗೆ ಬಾಗಿದೆ ಎಂಬುದನ್ನು ಬಳಸಬೇಕು. ಆರ್ಕಿಮಿಡೀಸ್ ತನ್ನ ‘ಗೋಳ ಮತ್ತು ಸಿಲಿಂಡರ್’ ಗ್ರಂಥದ ಆರಂಭದಲ್ಲೇ ಇದನ್ನು ಸಾಧಿಸದೆ ನೇರವಾಗಿ ಒಪ್ಪಿಕೊಂಡು ಮುಂದುವರಿದಿದ್ದಾನೆ. ವಿಸ್ತೀರ್ಣಕ್ಕೆ ಈ ತಾಪತ್ರಯವಿಲ್ಲ. ಒಂದು ಆಕೃತಿ ಇನ್ನೊಂದರೊಳಗೆ ಇದ್ದರೆ ಅದರ ವಿಸ್ತೀರ್ಣ ಕಡಿಮೆ, ಅಷ್ಟೇ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು: ತ್ರಿಜ್ಯಾಂತರ ಖಂಡದ ವಿಸ್ತೀರ್ಣ h / 2 ಎಂದು ಯಾರು ಹೇಳಿದರು? ಪೂರ್ತಿ ವೃತ್ತದ ವಿಸ್ತೀರ್ಣ π, ಪರಿಧಿ 2π, ಹಾಗಾಗಿ ಪಾಲಿಗೆ ಪಾಲು ಎನ್ನುತ್ತೇವೆ. ಪರಿಧಿಯಲ್ಲಿ ಬರುವ π ಮತ್ತು ವಿಸ್ತೀರ್ಣದಲ್ಲಿ ಬರುವ π ಒಂದೇ ಎಂಬುದು ತಾನೇ ಒಂದು ಪ್ರಮೇಯ. ವೃತ್ತದೊಳಗೆ ಬಹುಭುಜಗಳನ್ನು ಬರೆದು ಭುಜಗಳ ಸಂಖ್ಯೆ ಹೆಚ್ಚಿಸುತ್ತ ಹೋಗಿ ಅದನ್ನು ಸಾಧಿಸುವಾಗ, ಸಣ್ಣ ಕಂಸವೂ ಅದರ ಜ್ಯಾವೂ ಕೊನೆಗೆ ಸಮವಾಗುತ್ತವೆ ಎಂಬುದನ್ನು ಎಲ್ಲೋ ಬಳಸಿಯೇ ಇರುತ್ತೇವೆ. ಅದು ವೇಷ ಬದಲಿಸಿದ sin h / h. ಹೀಗೆ ನೋಡಿದರೆ ಪಠ್ಯಪುಸ್ತಕವೂ ಲೋಪಿತಾಲ್‌ನವರ ಹಾಗೆಯೇ ಸುತ್ತು ಬಂದಂತಾಯಿತಲ್ಲ?

ಇದಕ್ಕೆ ಅಚ್ಚುಕಟ್ಟಾದ ಪರಿಹಾರವಿದೆ. ಕೋನವನ್ನು ಅಳೆಯುವ ರೀತಿಯನ್ನೇ ಬದಲಿಸಿಬಿಡಿ. ಏಕಮಾನ ವೃತ್ತದಲ್ಲಿ h ಎಂದರೆ ಕಂಸದ ಉದ್ದ ಎನ್ನುವ ಬದಲು, ತ್ರಿಜ್ಯಾಂತರ ಖಂಡದ ವಿಸ್ತೀರ್ಣದ ಎರಡರಷ್ಟು ಎಂದು ವ್ಯಾಖ್ಯಾನಿಸಿ. ವೃತ್ತವನ್ನು ತಿರುಗಿಸಿದರೆ ವಿಸ್ತೀರ್ಣ ಬದಲಾಗದು, ಎರಡು ಖಂಡಗಳನ್ನು ಜೋಡಿಸಿದರೆ ವಿಸ್ತೀರ್ಣಗಳು ಕೂಡಿಕೊಳ್ಳುತ್ತವೆ. ಕೋನಮಾನಕ್ಕೆ ಇಷ್ಟು ಗುಣ ಸಾಕು, ಸಂಕಲನ ಸೂತ್ರಕ್ಕೂ ಸಾಕು. ಈಗ ಖಂಡದ ವಿಸ್ತೀರ್ಣ h / 2 ಎಂಬುದು ಪ್ರಮೇಯವಲ್ಲ, ವ್ಯಾಖ್ಯಾನ. ಮೂರು ಆಕೃತಿಗಳ ವಾದ ಯಾವ ಸಾಲವನ್ನೂ ಮಾಡದೆ ನಿಲ್ಲುತ್ತದೆ.

ಇದರಿಂದ ಕಂಸದ ಉದ್ದ ಕೈತಪ್ಪಿ ಹೋಗಲಿಲ್ಲ. h ಕೋನದ ಖಂಡವನ್ನು n ಸಮಭಾಗ ಮಾಡಿ, ಪ್ರತಿ ಭಾಗಕ್ಕೂ ಜ್ಯಾ ಎಳೆದರೆ ಒಂದೊಂದರ ಉದ್ದ 2 sin(h / 2n), ಒಟ್ಟು ಉದ್ದ 2n · sin(h / 2n). n ಬೆಳೆದಂತೆ h / 2n ಸೊನ್ನೆಗೆ ಇಳಿಯುತ್ತದೆ. ನಾವು ಈಗಷ್ಟೇ ಸಾಧಿಸಿದ ಪರಿಮಿತಿಯ ಪ್ರಕಾರ ಒಟ್ಟು ಉದ್ದ h ಗೆ ಬಂದು ಸೇರುತ್ತದೆ. ಅಂದರೆ ಕಂಸದ ಉದ್ದ h ಎಂಬುದು ಈಗ ಫಲಿತಾಂಶವಾಗಿ ಸಿಕ್ಕಿತು. ಯಾವುದನ್ನು ಮೊದಲು ಹೇಳುತ್ತೇವೆ, ಯಾವುದನ್ನು ಆಮೇಲೆ ಸಾಧಿಸುತ್ತೇವೆ ಎಂಬ ಕ್ರಮ ಮಾತ್ರ ಬದಲಾಯಿತು, ಅದರಿಂದಲೇ ಸುತ್ತು ಬಿಚ್ಚಿಕೊಂಡಿತು.

ರೇಡಿಯನ್ ಎಲ್ಲಿದೆ ಎಂಬುದೂ ಇದರಲ್ಲೇ ಕಾಣುತ್ತದೆ. ಖಂಡದ ವಿಸ್ತೀರ್ಣ h / 2 ಎನ್ನುವ ಕ್ಷಣದಲ್ಲೇ ಅಳತೆಯ ಮಾನ ನಿರ್ಧಾರವಾಗಿಹೋಯಿತು. ಡಿಗ್ರಿಯಲ್ಲಿ ಅಳೆದರೆ ಆ ವಿಸ್ತೀರ್ಣ πh / 360, ಆಗ ಪರಿಮಿತಿ ಒಂದರ ಬದಲು π / 180 ಆಗುತ್ತದೆ, ಸೈನ್‌ನ ನಿಷ್ಪನ್ನ (π / 180) cos x ಆಗುತ್ತದೆ. ತಪ್ಪಾದದ್ದು ಗೊತ್ತಾಗುವುದೂ ಸುಲಭ. ಕ್ಯಾಲ್ಕ್ಯುಲೇಟರಿನಲ್ಲಿ 0.01ರ ಸೈನ್ ತೆಗೆದು 0.01ರಿಂದ ಭಾಗಿಸಿ. ಒಂದರ ಹತ್ತಿರ ಬಂದರೆ ಯಂತ್ರ ರೇಡಿಯನ್‌ನಲ್ಲಿದೆ, 0.01745 ಬಂದರೆ ಡಿಗ್ರಿಯಲ್ಲಿದೆ. ಇಂಥ ಬೆಲೆಗಳ ಕೋಷ್ಟಕ ಮಾಡಿ ‘ಒಂದಕ್ಕೆ ಹೋಗುತ್ತದೆ, ಸಾಧಿಸಿದಂತಾಯಿತು’ ಎನ್ನುವವರಿಗೂ ಇದೇ ಉತ್ತರ: ಯಂತ್ರ ಯಾವ ಮಾನದಲ್ಲಿದೆ ಎಂಬುದರ ಮೇಲೆ ಕೋಷ್ಟಕ ಏನನ್ನಾದರೂ ಹೇಳೀತು. ಒಂದೇ ಯಾಕೆ ಎಂಬುದನ್ನು ಹೇಳಬಲ್ಲದ್ದು ವೃತ್ತ ಮಾತ್ರ.

ನಮ್ಮ ಹಿಂದಿನ ಗಣಿತಜ್ಞರಿಗೆ ಈ ಮಾನದ ಮಹತ್ವ ಚೆನ್ನಾಗಿ ತಿಳಿದಿತ್ತು. ಆರ್ಯಭಟನ ಜ್ಯಾ ಕೋಷ್ಟಕದಲ್ಲಿ ವೃತ್ತದ ಪರಿಧಿ 21600 ಕಲೆ, ತ್ರಿಜ್ಯ 3438 ಕಲೆ. 21600ನ್ನು 2π ನಿಂದ ಭಾಗಿಸಿದರೆ 3437.75, ಅದನ್ನು ಪೂರ್ಣಾಂಕ ಮಾಡಿದ್ದು 3438. ಕಂಸವನ್ನೂ ತ್ರಿಜ್ಯವನ್ನೂ ಅರ್ಧಜ್ಯಾವನ್ನೂ ಒಂದೇ ಕೋಲಿನಿಂದ ಅಳೆಯುವ ಏರ್ಪಾಡು ಇದು. ರೇಡಿಯನ್‌ನ ತಿರುಳೂ ಇದೇ. ಕೋಷ್ಟಕದ ಮೊದಲ ಮೆಟ್ಟಿಲು 225 ಕಲೆ, ಅಂದರೆ 3 ಡಿಗ್ರಿ 45 ಕಲೆ. ಅದರ ಜ್ಯಾವೂ 225 ಎಂದೇ ಕೊಟ್ಟಿದೆ. ನಿಜವಾದ ಬೆಲೆ 224.86. ಅಷ್ಟು ಸಣ್ಣ ಕೋನದಲ್ಲಿ ಜ್ಯಾವೂ ಕಂಸವೂ ಒಂದೇ ಎಂಬ sin h / h ನ ಮಾತನ್ನು, ಪೂರ್ಣಾಂಕಗಳ ಮಟ್ಟಿಗೆ, ಆ ಮೊದಲ ಸಾಲು ಆಡಿಬಿಟ್ಟಿದೆ.

ಅಲ್ಲಿಂದ ನಿಷ್ಪನ್ನದ ಕಡೆಗೆ ಹೆಜ್ಜೆಯಿಟ್ಟವನು 1114ರಲ್ಲಿ ಹುಟ್ಟಿದ ಎರಡನೆಯ ಭಾಸ್ಕರಾಚಾರ್ಯ. ಅವನ ಊರು ನಮ್ಮ ವಿಜಯಪುರ ಸೀಮೆಯಲ್ಲಿತ್ತೆಂದು ಕೆಲವರು, ಮಹಾರಾಷ್ಟ್ರದ ಖಾನದೇಶದಲ್ಲಿತ್ತೆಂದು ಕೆಲವರು ಹೇಳುತ್ತಾರೆ. 1150ರಲ್ಲಿ ಬರೆದ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗ್ರಹದ ತಾತ್ಕಾಲಿಕ ಗತಿಯ ಪ್ರಶ್ನೆ ಬರುತ್ತದೆ. ಚಂದ್ರನಂಥ ವೇಗದ ಗ್ರಹಕ್ಕೆ ದಿನವೊಂದರ ಸರಾಸರಿ ಗತಿ ಸಾಲದು, ಆ ಹೊತ್ತಿನ ಗತಿ ಬೇಕು. ಅದಕ್ಕಾಗಿ ಅವನು ಬಳಸುವ ನಿಯಮ: ಜ್ಯಾದಲ್ಲಾಗುವ ಹೆಚ್ಚಳ ಎಂದರೆ ಕಂಸದ ಹೆಚ್ಚಳವನ್ನು ಕೋಟಿಜ್ಯಾದಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದ್ದು. ಇಂದಿನ ಬರವಣಿಗೆಯಲ್ಲಿ ಸೈನ್‌ನ ಬದಲಾವಣೆ = cos x · h.

ಈ ನಿಯಮವನ್ನು ಆರ್ಯಭಟನ ಕೋಷ್ಟಕದ ಮೇಲೆ ಪರೀಕ್ಷಿಸಿದರೆ ಪರಿಮಿತಿಯ ಕೆಲಸ ಏನೆಂದು ಗೊತ್ತಾಗುತ್ತದೆ. 30 ಡಿಗ್ರಿಗೆ ಜ್ಯಾ 1719, ಮುಂದಿನ ಮೆಟ್ಟಿಲಾದ 33 ಡಿಗ್ರಿ 45 ಕಲೆಗೆ 1910. ವ್ಯತ್ಯಾಸ 191. 30 ಡಿಗ್ರಿಯ ಕೋಟಿಜ್ಯಾ 2978. ಭಾಸ್ಕರನ ನಿಯಮದಂತೆ 225 × 2978 / 3438, ಅಂದರೆ ಸುಮಾರು 195. ನಾಲ್ಕು ಕಲೆ ಹೆಚ್ಚು ಬಂತು. ನಿಯಮ ಸುಳ್ಳೆ? ಅಲ್ಲ. ನಾವು ಕೋಸೈನನ್ನು ಮೆಟ್ಟಿಲಿನ ಬುಡದಲ್ಲಿ ಅಳೆದೆವು, ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಇಳಿದಿತ್ತು. ಅದನ್ನೇ ಮೆಟ್ಟಿಲಿನ ನಡುವೆ, 31 ಡಿಗ್ರಿ 52½ ಕಲೆಯಲ್ಲಿ ಅಳೆದರೆ 0.8492. ಅದನ್ನು 225ರಿಂದ ಗುಣಿಸಿದರೆ 191.07. ಕೋಷ್ಟಕದ 191 ಬಂದು ಕೂತಿತು.

ಇದು ಆಕಸ್ಮಿಕವಲ್ಲ. ಸೈನ್‌ಗಳ ವ್ಯತ್ಯಾಸಕ್ಕೆ ಇನ್ನೊಂದು ರೂಪವಿದೆ:

sin(x + h) − sin x = 2 sin(h / 2) · cos(x + h / 2)

ಇಲ್ಲಿ ಅಂದಾಜು ಎಂಬುದೇ ಇಲ್ಲ, ಎರಡೂ ಬದಿ ಸಂಪೂರ್ಣ ಸಮ. ಭಾಸ್ಕರನ ನಿಯಮಕ್ಕೂ ಇದಕ್ಕೂ ಇರುವ ಅಂತರ ಎರಡು ಕಡೆ ಮಾತ್ರ: 2 sin(h / 2) ಇರುವಲ್ಲಿ h, ನಡುಬಿಂದುವಿನ ಕೋಸೈನ್ ಇರುವಲ್ಲಿ ಬುಡದ ಕೋಸೈನ್. ಮೊದಲನೆಯ ಅಂತರ 225 ಕಲೆಯ ಮೆಟ್ಟಿಲಿನಲ್ಲಿ 0.04 ಕಲೆಯಷ್ಟು, ಅದು ಅಳಿಯುವುದು sin h / h ನಿಂದ. ಎರಡನೆಯ ಅಂತರವೇ ಆ ನಾಲ್ಕು ಕಲೆ, ಅದು ಅಳಿಯುವುದು h ಸಣ್ಣದಾದಂತೆ ಕೋಸೈನ್ ಬಹಳ ಬದಲಾಗದು ಎಂಬುದರಿಂದ. ಭಾಸ್ಕರನಿಗೆ ಸೂತ್ರ ಸಿಕ್ಕಿತ್ತು. ಈ ಎರಡು ದೋಷಗಳೂ ಎಷ್ಟು ಬೇಕಾದರೂ ಸಣ್ಣದಾಗುತ್ತವೆ ಎಂಬ ಖಾತರಿಯನ್ನು ಕೊಡುವುದು ಪರಿಮಿತಿಯ ವಾದ.

ಸೂತ್ರ ಬಳಕೆಗೆ ಬಂದಾಗ ಇದೇ ದೋಷ ಮತ್ತೆ ತಲೆಯೆತ್ತುತ್ತದೆ. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಅಲ್ಲಿ ಏಪ್ರಿಲ್ 24ರ ಸುಮಾರಿಗೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ನೆಟ್ಟ ಕೋಲಿಗೆ ನೆರಳಿಲ್ಲದಂತಾಗುತ್ತದೆ. ಜಗಳೂರು ತಾಲ್ಲೂಕಿನ ಬಿಳಿಚೋಡಿನ ಅಕ್ಷಾಂಶ ಹದಿನಾಲ್ಕೂವರೆ ಡಿಗ್ರಿಗೆ ಹತ್ತಿರ. ಅಲ್ಲಿ ಇದು ಎಷ್ಟು ದಿನ ತಡವಾಗಿ ಆಗುತ್ತದೆ? ಸೂರ್ಯನ ಕ್ರಾಂತಿ, ಅಂದರೆ ವಿಷುವದ್ವೃತ್ತದಿಂದ ಅದರ ದೂರ, δ ಎಂದಿರಲಿ. ರಾಶಿಚಕ್ರದ ಹಾದಿಯಲ್ಲಿ ವಸಂತ ವಿಷುವದಿಂದ ಅದು ನಡೆದ ದೂರ λ ಎಂದಿರಲಿ. ಆಗ

sin δ = sin 23.44° · sin λ

ಎರಡೂ ಬದಿಯ ಬದಲಾವಣೆಯ ದರ ತೆಗೆದರೆ cos δ ಗುಣಿಸು δ ದ ದರ = 0.398 · cos λ ಗುಣಿಸು λ ದ ದರ. ಎರಡೂ ಬದಿಯಲ್ಲಿ ಸೈನ್ ಇರುವುದರಿಂದ ಡಿಗ್ರಿಯ π / 180 ಎರಡೂ ಕಡೆ ಬಂದು ಹೊಡೆದುಹೋಗುತ್ತದೆ. ಇಲ್ಲಿ ಡಿಗ್ರಿಯಲ್ಲೇ ಲೆಕ್ಕ ಮಾಡಿದರೂ ಅಪಾಯವಿಲ್ಲ. ಏಪ್ರಿಲ್ 24ರಂದು λ ಸುಮಾರು 34 ಡಿಗ್ರಿ, δ 13 ಡಿಗ್ರಿ, ಸೂರ್ಯ ದಿನಕ್ಕೆ ನಡೆಯುವುದು 0.97 ಡಿಗ್ರಿ. ಹಾಗಾಗಿ ಕ್ರಾಂತಿ ದಿನಕ್ಕೆ ಸುಮಾರು 0.33 ಡಿಗ್ರಿ ಹೆಚ್ಚುತ್ತದೆ. ಒಂದೂವರೆ ಡಿಗ್ರಿ ದಾಟಲು ನಾಲ್ಕೂವರೆ ದಿನಕ್ಕಿಂತ ತುಸು ಹೆಚ್ಚು ಬೇಕು. ಬಿಳಿಚೋಡಿನ ನೆರಳಿಲ್ಲದ ನಡುಹಗಲು ಏಪ್ರಿಲ್ 28 ಅಥವಾ 29ರ ಸುಮಾರಿಗೆ.

ಈ ಲೆಕ್ಕದಲ್ಲೂ ಬುಡದ ಕೋಸೈನನ್ನೇ ಬಳಸಿದ್ದೇವೆ. ನಾಲ್ಕೈದು ದಿನದಲ್ಲಿ λ ಮುಂದಕ್ಕೆ ಸರಿದು ದರ 0.31ಕ್ಕೆ ಇಳಿದಿರುತ್ತದೆ. ತಪ್ಪು ದಿನದ ಒಂದು ಸಣ್ಣ ಭಾಗದಷ್ಟು, ಹಾಗಾಗಿ ತಾರೀಕು ಕೆಡುವುದಿಲ್ಲ. ಇದೇ ದರವನ್ನು ಹಿಡಿದು ಜೂನ್‌ವರೆಗೆ ಹೋದರೆ ಮಾತ್ರ ಲೆಕ್ಕ ನೆಲಕಚ್ಚುತ್ತದೆ. ಜೂನ್ 21ರ ಹೊತ್ತಿಗೆ λ 90 ಡಿಗ್ರಿ, ಕೋಸೈನ್ ಸೊನ್ನೆ, ಸೂರ್ಯನ ಉತ್ತರದ ನಡಿಗೆ ನಿಂತೇಹೋಗಿರುತ್ತದೆ. ನಿಷ್ಪನ್ನ ಆ ಕ್ಷಣದ ದರವೇ ಹೊರತು ತಿಂಗಳುಗಟ್ಟಲೆಯ ದರವಲ್ಲ.

ಪರೀಕ್ಷೆಯಲ್ಲಿ ‘ಮೂಲತತ್ತ್ವದಿಂದ sin x ನ ನಿಷ್ಪನ್ನ ಕಂಡುಹಿಡಿಯಿರಿ’ ಎಂದು ಕೇಳಿದಾಗ ವಿದ್ಯಾರ್ಥಿಗಳು ಬರೆಯುವುದು ಸಾಮಾನ್ಯವಾಗಿ ಬೀಜಗಣಿತದ ಭಾಗ. sin h / h ಬಂದ ಜಾಗದಲ್ಲಿ ‘ಗೊತ್ತಿರುವ ಪರಿಮಿತಿ’ ಎಂದು ಒಂದು ಹಾಕಿ ಮುಂದೆ ಹೋಗುತ್ತಾರೆ, ಅಂಕವೂ ಸಿಗುತ್ತದೆ. ಬೀಜಗಣಿತವನ್ನು ಸೂತ್ರ ಬಲ್ಲ ಯಾರಾದರೂ ಮಾಡಬಹುದು. ಕೇಳಲೇಬೇಕಾದ ಪ್ರಶ್ನೆ ಆ ‘ಗೊತ್ತಿರುವ’ ಎಂಬಲ್ಲಿದೆ. ಮೂರು ಆಕೃತಿಗಳ ಚಿತ್ರ ಬರೆದು, h ಅನ್ನು ಯಾವ ಮಾನದಲ್ಲಿ ಅಳೆಯಲಾಗಿದೆ, ಖಂಡದ ವಿಸ್ತೀರ್ಣ h / 2 ಎಂದು ಯಾವ ಆಧಾರದಿಂದ ಹೇಳಲಾಗಿದೆ ಎಂಬ ಎರಡು ಸಾಲು ಬರೆದವರಿಗೆ ಲೋಪಿತಾಲ್ ನಿಯಮವನ್ನು ಇಲ್ಲಿ ಯಾಕೆ ಬಳಸಕೂಡದು ಎಂದು ಬೇರೆ ಹೇಳಿಕೊಡಬೇಕಾಗಿಲ್ಲ.